ಒಂದು ಮೀನುಗಾರಿಕೆ ಸುದ್ದಿ, ನಾಲ್ಕು ಭಾಷೆಯ ಓದುಗರು: ಶೀರ್ಷಿಕೆ ಮತ್ತು ಪೋಸ್ಟ್ ಬರೆಯುವುದು ಹೇಗೆ

ನಮ್ಮ ಕಾರವಾರದ ಕಡೆ ಒಂದೇ ಸುದ್ದಿಯನ್ನು ಒಂದೇ ಭಾಷೆಯಲ್ಲಿ ಹಾಕಿದರೆ ಅರ್ಧ ಊರಿಗೆ ಮಾತ್ರ ಮುಟ್ಟುತ್ತದೆ. ಬೈತಖೋಲ ಬಂದರಿನಲ್ಲಿ ಕೊಂಕಣಿ, ಸದಾಶಿವಗಡ ದಾಟಿ ಮಾಜಾಳಿ ಕಡೆ ಹೋದರೆ ಕೊಂಕಣಿ ಜೊತೆ ಮರಾಠಿ, ಭಟ್ಕಳದಲ್ಲಿ ನವಾಯತಿ ಮತ್ತು ಉರ್ದು, ಘಟ್ಟ ಹತ್ತಿ ಶಿರಸಿಗೆ ಹೋದರೆ ಕನ್ನಡ. ಆ ಕನ್ನಡವೂ ಬಂದರಿನ ಕನ್ನಡ ಅಲ್ಲ. ಹಾಗಾಗಿ ಸುದ್ದಿ ಪೇಜ್ ನಡೆಸುವವರು, ಮೀನುಗಾರರ ವಾಟ್ಸಾಪ್ ಗುಂಪು ನೋಡಿಕೊಳ್ಳುವವರು ಒಂದೇ ಸುದ್ದಿಯನ್ನು ಮೂರ್ನಾಲ್ಕು ರೂಪದಲ್ಲಿ ಬರೆಯಲೇಬೇಕಾಗುತ್ತದೆ.

ಇದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಪ್ರತಿ ವರ್ಷ ಮಳೆಗಾಲದಲ್ಲಿ ಬರುವ ಮೀನುಗಾರಿಕೆ ನಿಷೇಧದ ಸುದ್ದಿ. ತೀರಾ ಸಾಮಾನ್ಯ ಸುದ್ದಿ ಅನ್ನಿಸುತ್ತದೆ, ಅಲ್ವಾ? ಆದರೆ ಭಾಷೆ ಬದಲಾಗುವಾಗ ಅರ್ಥ ಕೆಡುವ ಜಾಗಗಳು ಇದರಲ್ಲಿ ಬೇಕಾದಷ್ಟಿವೆ. ನಾನೂ ಒಮ್ಮೆ ಇದರಲ್ಲೇ ಎಡವಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೂಲ ಸುದ್ದಿ ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರ ಅನ್ವಯ ಜೂನ್ 1ರಿಂದ ಜುಲೈ 31ರವರೆಗೆ ಒಟ್ಟು 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೂಲಕ ನಡೆಸುವ ಮೀನುಗಾರಿಕೆಯನ್ನು ನಿಷೇಧಿಸಲಾಗಿದ್ದು, 10 ಅಶ್ವಶಕ್ತಿವರೆಗಿನ ಇಂಜಿನ್ ಬಳಸುವ ಸಾಂಪ್ರದಾಯಿಕ ನಾಡದೋಣಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಮೀನುಗಾರಿಕೆ ಇಲಾಖೆಯ ಪ್ರಕಟಣೆ ತಿಳಿಸಿದೆ."

ಒಂದೇ ವಾಕ್ಯ. ಎಲ್ಲವೂ ಇದೆ, ಆದರೆ ಮೊಬೈಲಿನಲ್ಲಿ ಇದನ್ನು ಪೂರ್ತಿ ಓದುವವರು ಕಡಿಮೆ.

ಮೊದಲು ಒಂದು ಚೀಟಿ ಬರೆಯಿರಿ

ಶೀರ್ಷಿಕೆಗೆ ಕೈ ಹಾಕುವ ಮೊದಲು ಸುದ್ದಿಯನ್ನು ಒಂದು ಚೀಟಿಗೆ ಇಳಿಸಿ. ಕಾಗದದ ಮೇಲಾದರೂ ಸರಿ, ಫೋನಿನ ನೋಟ್ಸ್‌ನಲ್ಲಾದರೂ ಸರಿ. ವಾಕ್ಯ ಬೇಡ, ಬರೀ ವಿಷಯ:

ಏನು: ಮೀನು ಹಿಡಿಯಲು ಕಡಲಿಗೆ ಹೋಗುವಂತಿಲ್ಲ.
ಯಾರಿಗೆ: ಯಾಂತ್ರೀಕೃತ ಬೋಟ್‌ಗಳಿಗೆ.
ಯಾರಿಗೆ ಇಲ್ಲ: 10 ಅಶ್ವಶಕ್ತಿವರೆಗಿನ ಇಂಜಿನ್ ಇರುವ ನಾಡದೋಣಿಗೆ.
ಯಾವಾಗ: ಜೂನ್ 1ರಿಂದ ಜುಲೈ 31, ಎರಡೂ ದಿನ ಸೇರಿ. ವರ್ಷ ಬರೆಯಬೇಕು.
ಎಲ್ಲಿ: ಕರ್ನಾಟಕದ ಕಡಲು.
ಹೇಳಿದ್ದು ಯಾರು: ಮೀನುಗಾರಿಕೆ ಇಲಾಖೆ.

ಚೀಟಿ ಬರೆಯುವಾಗಲೇ ಲೆಕ್ಕ ತಾಳೆ ನೋಡಿ. ಜೂನ್ 30 ದಿನ, ಜುಲೈ 31 ದಿನ, ಒಟ್ಟು 61. ಅಂದರೆ ಜುಲೈ 31 ಕೂಡ ನಿಷೇಧದ ಒಳಗೇ ಬರುತ್ತದೆ. "ಜುಲೈ 31ರವರೆಗೆ" ಅಂದಾಗ ಆ ದಿನ ಸೇರಿದೆಯೋ ಇಲ್ಲವೋ ಅಂತ ಬೋಟಿನ ತಾಂಡೇಲರು ಕೇಳಿಯೇ ಕೇಳುತ್ತಾರೆ. ಉತ್ತರ ನಿಮ್ಮ ಕೈಯಲ್ಲಿರಬೇಕು.

"ಎಲ್ಲಿ" ಅನ್ನುವ ಸಾಲನ್ನೂ ಬಿಡಬೇಡಿ. ಗೋವಾದಲ್ಲೂ ಇದೇ 61 ದಿನ ನಡೆಯುವುದರಿಂದ ನಾವು ಸುಮ್ನೆ "ಪಶ್ಚಿಮ ಕರಾವಳಿಯಲ್ಲಿ 61 ದಿನ ನಿಷೇಧ" ಅಂತ ಬರೆದುಬಿಡುತ್ತೇವೆ. ಕೇರಳದಲ್ಲಿ ಟ್ರಾಲ್ ನಿಷೇಧ 52 ದಿನ. ಸುದ್ದಿಯಲ್ಲಿ ಕರ್ನಾಟಕ ಅಂತ ಇದ್ದರೆ ಪೋಸ್ಟ್‌ನಲ್ಲೂ ಕರ್ನಾಟಕ ಅಂತಲೇ ಇರಲಿ.

ಈ ಚೀಟಿ ಯಾಕೆ ಇಷ್ಟು ಮುಖ್ಯ ಅಂದರೆ, ಮುಂದೆ ಬರೆಯುವ ಪ್ರತಿ ಪೋಸ್ಟ್ ಈ ಚೀಟಿಯಿಂದಲೇ ಹುಟ್ಟಬೇಕು. ಕನ್ನಡ ಶೀರ್ಷಿಕೆಯಿಂದ ಮರಾಠಿ, ಮರಾಠಿಯಿಂದ ಕೊಂಕಣಿ, ಹೀಗೆ ಸರಪಳಿ ಹಿಡಿದರೆ ಮೊದಲನೆಯದರಲ್ಲಿ ಬಿಟ್ಟುಹೋದದ್ದು ಕೊನೆಯದರಲ್ಲಿ ತಪ್ಪು ಸುದ್ದಿಯೇ ಆಗುತ್ತದೆ. ಶೀರ್ಷಿಕೆಯನ್ನು ಅನುವಾದಿಸಬೇಡಿ, ಚೀಟಿಯನ್ನು ಆ ಭಾಷೆಯಲ್ಲಿ ಹೇಳಿ.

ಕನ್ನಡ ಶೀರ್ಷಿಕೆ: "ಇಲ್ಲ" ಕೊನೆಗೆ ಬರುವ ತೊಂದರೆ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಇಲ್ಲ", "ಬೇಡ", "ಅಲ್ಲ" ಕೂಡ ಕೊನೆಗೇ. ಕಾಗದದ ಪತ್ರಿಕೆಯಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಇಡೀ ಸಾಲು ಕಣ್ಣೆದುರಿಗೇ ಇರುತ್ತದೆ. ಮೊಬೈಲಿನಲ್ಲಿ ಹಾಗಲ್ಲ. ನೋಟಿಫಿಕೇಶನ್‌ನಲ್ಲಿ, ಲಿಂಕ್ ಕೆಳಗಿನ ಪೆಟ್ಟಿಗೆಯಲ್ಲಿ ಸಾಲು ಅರ್ಧಕ್ಕೇ ಕತ್ತರಿಸಿ ಚುಕ್ಕಿ ಬರುತ್ತದೆ. ಈ ಶೀರ್ಷಿಕೆ ನೋಡಿ:

"ನಾಡದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಅನ್ವಯಿಸುವುದಿಲ್ಲ"

ಇದು ಕತ್ತರಿಸಿದಾಗ ಹೀಗೆ ಕಾಣುತ್ತದೆ:

"ನಾಡದೋಣಿಗಳಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ…"

ಅರ್ಥ ಪೂರ್ತಿ ತಿರುಗಿತು. ಪಾತಿ ದೋಣಿ ಇಟ್ಟುಕೊಂಡು ದಿನದ ಸಂಪಾದನೆ ಮಾಡುವವರು ಇದನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅವರು ಒತ್ತಿ ಒಳಗೆ ಹೋಗಿ ಓದುತ್ತಾರೆ ಅಂತ ನಂಬಿ ಕೂರಬಾರದು. ಕೆಲವರು ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುತ್ತಾರೆ. ಆಮೇಲೆ ಅದನ್ನು ಹಿಡಿದು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ.

ಪರಿಹಾರ ಸುಲಭ. ಇಲ್ಲ ಅನ್ನುವ ಅರ್ಥವನ್ನು ಒಂದೇ ನಾಮಪದದಲ್ಲಿ ಹಿಡಿದು ಮುಂದಕ್ಕೆ ತನ್ನಿ. "ನಾಡದೋಣಿಗೆ ವಿನಾಯಿತಿ" ಅಂತ. ಆಮೇಲೆ ಉಳಿದದ್ದನ್ನು ಹೇಳಿ. ಪರೀಕ್ಷೆ ಹೀಗೆ: ಬರೆದ ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಒಂದು ಪದ ಮುಚ್ಚಿ ಓದಿ, ಆಮೇಲೆ ಎರಡು ಪದ ಮುಚ್ಚಿ ಓದಿ. ಅರ್ಥ ಅಪೂರ್ಣವಾದರೆ ಪರವಾಗಿಲ್ಲ, ಉಲ್ಟಾ ಆದರೆ ಆ ಸಾಲು ಬೇಡ.

ನಾನು ಬಂದರಿನ ಓದುಗರಿಗೆ ಬರೆಯುವುದು ಹೀಗೆ:

"ಜೂನ್ 1ರಿಂದ 61 ದಿನ ಬೋಟ್ ಮೀನುಗಾರಿಕೆ ಬಂದ್, ನಾಡದೋಣಿಗೆ ವಿನಾಯಿತಿ"

"ಯಾಂತ್ರೀಕೃತ ದೋಣಿ" ಅಂತ ಬಂದರಿನಲ್ಲಿ ಯಾರೂ ಮಾತಾಡುವುದಿಲ್ಲ. ಬೋಟ್ ಅಂದರೆ ಟ್ರಾಲರ್, ಪರ್ಸಿನ್ ಎಲ್ಲ ಬಂತು. ದೋಣಿ ಅಂದರೆ ಸಣ್ಣದು. ಈ ವ್ಯತ್ಯಾಸ ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ "10 ಅಶ್ವಶಕ್ತಿ" ಅನ್ನುವ ಮಿತಿ ಶೀರ್ಷಿಕೆಯಲ್ಲಿ ಹಿಡಿಸದಿದ್ದರೂ ಪೋಸ್ಟ್‌ನ ಎರಡನೇ ಸಾಲಿನಲ್ಲಿ ಇರಲೇಬೇಕು, ಯಾಕೆಂದರೆ ನಾಡದೋಣಿಗೂ ದೊಡ್ಡ ಇಂಜಿನ್ ಕಟ್ಟಿದವರು ಇರುತ್ತಾರೆ. ಅವರಿಗೆ ಬರೀ "ನಾಡದೋಣಿಗೆ ವಿನಾಯಿತಿ" ಅಂತ ಹೇಳಿ ಬಿಟ್ಟರೆ ನಾವೇ ದಂಡಕ್ಕೆ ದಾರಿ ತೋರಿಸಿದಂತೆ. ಬಂದರಿನಲ್ಲಿ ಇದಕ್ಕೆ "10 ಎಚ್‌ಪಿ" ಅನ್ನುತ್ತಾರೆ, ಹಾಗೇ ಬರೆಯಿರಿ.

ಶಿರಸಿಯವರಿಗೆ ಅದೇ ಕನ್ನಡ, ಬೇರೆ ಶೀರ್ಷಿಕೆ

ಶಿರಸಿ ಪೇಟೆಯಲ್ಲಿ ಕೂತು ಇದೇ ಸುದ್ದಿ ಓದುವವರಿಗೆ ಕಡಲಿಗೆ ಹೋಗುವುದು ಬಿಡುವುದು ಮುಖ್ಯವಲ್ಲ. ಮೀನು ದೇವಿಮನೆ ಘಟ್ಟ ಹತ್ತಿ ಬರುತ್ತದೋ ಇಲ್ಲವೋ, ದರ ಏರುತ್ತದೋ ಅನ್ನುವುದು ಅವರ ಪ್ರಶ್ನೆ. ಹಾಗಂತ ನಾವೇ ದರ ಊಹಿಸಿ ಬರೆಯಬಾರದು. ಮೂಲ ಸುದ್ದಿಯಲ್ಲಿ ದರದ ಮಾತೇ ಇಲ್ಲ. ಯಾರಿಗಾಗಿ ಬರೆಯುತ್ತಿದ್ದೇವೆ ಅನ್ನುವುದರ ಮೇಲೆ ಚೀಟಿಯ ಯಾವ ಸಾಲು ಮುಂದೆ ಬರಬೇಕು ಅಂತ ಆಯ್ಕೆ ಮಾಡಬಹುದು. ಚೀಟಿಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ.

"ಜೂನ್, ಜುಲೈ ಕಡಲಿಗೆ ಇಳಿಯದ ದೊಡ್ಡ ಬೋಟ್‌ಗಳು, ನಾಡದೋಣಿ ಮೀನುಗಾರಿಕೆ ಮಾತ್ರ"

ಇಲ್ಲಿ ಜಾಗ ಉಳಿಸಲು ಹೋಗಿ "ಮೀನು ನಿಷೇಧ" ಅಂತ ಚಿಕ್ಕದು ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೀನು ಹಿಡಿಯುವುದಕ್ಕೆ ತಡೆ ಬೇರೆ, ಮೀನು ಮಾರುವುದಕ್ಕೆ ತಡೆ ಬೇರೆ. ಬುಟ್ಟಿ ಹೊತ್ತು ಮಾರುವ ಹೆಂಗಸರ ವ್ಯಾಪಾರಕ್ಕೆ ಆ ಒಂದು ಪದ ಪೆಟ್ಟು ಕೊಡುತ್ತದೆ. ನಾಡದೋಣಿಯ ಮೀನು ಬರುತ್ತದೆ, ಒಣಮೀನು ಮಾರುತ್ತಾರೆ, ಅದಕ್ಕೆಲ್ಲ ಯಾವ ನಿಷೇಧವೂ ಇಲ್ಲ.

ಮೀನಿನ ಹೆಸರು ಬಳಸುವ ಸುದ್ದಿಯಾದರೆ ಇನ್ನೊಂದು ಎಚ್ಚರ. ಮಂಗಳೂರು, ಉಡುಪಿ ಕಡೆಯ ಸುದ್ದಿಯಲ್ಲಿ ಅಂಜಲ್, ಬೂತಾಯಿ ಅಂತ ಇದ್ದರೆ ಕಾರವಾರಕ್ಕೆ ಬರುವಾಗ ಅದು ಇಸ್ವಣ, ತಾರ್ಲೆ ಆಗಬೇಕು. ಮರಾಠಿಗೆ ಹೋದರೆ ಸುರಮಯಿ, ತಾರ್ಲಿ. ಬಂಗುಡೆ ಮಾತ್ರ ಬಾಂಗ್ಡೊ, ಬಾಂಗಡಾ ಅಂತ ಸ್ವಲ್ಪ ಬದಲಾದರೂ ಎಲ್ಲ ಕಡೆ ಗುರುತು ಸಿಗುತ್ತದೆ.

ಮರಾಠಿ: ಅದೇ ಪದ, ಬೇರೆ ಅರ್ಥ

ನಾನು ಎಡವಿದ್ದು ಇಲ್ಲೇ. ಕೆಲವು ವರ್ಷದ ಹಿಂದೆ ಒಂದು ಸ್ಥಳೀಯ ಸುದ್ದಿ ಪೇಜ್‌ಗೆ ಬರೆಯುತ್ತಿದ್ದಾಗ ಕನ್ನಡದ "ಮೀನುಗಾರಿಕೆ ನಿಷೇಧ"ವನ್ನು ಮರಾಠಿಯಲ್ಲಿ "ಮಾಸೇಮಾರಿ ನಿಷೇಧ" ಅಂತ ಹಾಕಿದೆ. ನಿಷೇಧ ಸಂಸ್ಕೃತದ ಪದ, ಎರಡೂ ಭಾಷೆಯಲ್ಲಿದೆ, ಒಂದೇ ಅರ್ಥ ಅಂದುಕೊಂಡೆ. ಮಾಜಾಳಿಯ ಹಿರಿಯರೊಬ್ಬರು ಫೋನ್ ಮಾಡಿ ಕೇಳಿದರು, "ತಮ್ಮಾ, ಯಾರು ಯಾರನ್ನ ನಿಷೇಧ ಮಾಡ್ತಿದ್ದಾರೆ? ಮೋರ್ಚಾ ಎಲ್ಲಿಂದ ಹೊರಡ್ತದೆ?"

ಮರಾಠಿಯಲ್ಲಿ ನಿಷೇಧ ಅಂದರೆ ಸಾಮಾನ್ಯವಾಗಿ ಪ್ರತಿಭಟನೆ, ಖಂಡನೆ. ನಾವು ಹೇಳುವ ನಿಷೇಧಕ್ಕೆ ಅವರ ಪದ ಬಂದೀ. ಹಾಗಾಗಿ ನನ್ನ ಶೀರ್ಷಿಕೆ ಮೀನುಗಾರಿಕೆ ವಿರುದ್ಧ ಪ್ರತಿಭಟನೆ ಅನ್ನುವ ಹಾಗೆ ಓದಿಸಿಕೊಂಡಿತ್ತು. ಕಡಲನ್ನೇ ನಂಬಿದವರ ಊರಿಗೆ ಅಂಥ ಸುದ್ದಿ ಕಳಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಸರಿಯಾದದ್ದು ಹೀಗಿರಬೇಕಿತ್ತು. ಪೋಸ್ಟ್ ಹಾಕುವಾಗ ದೇವನಾಗರಿಯಲ್ಲೇ ಹಾಕಿ, ಇಲ್ಲಿ ಓದಲು ಅನುಕೂಲವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ:

"1 ಜೂನ್ ತೇ 31 ಜುಲೈ ಮಾಸೇಮಾರೀ ಬಂದೀ, ಲಹಾನ ಹೋಡ್ಯಾಂನಾ ಸೂಟ"

ಸೂಟ ಅಂದರೆ ವಿನಾಯಿತಿ. ಮರಾಠಿಯಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಕೊನೆಯ ಪದ ಮುಚ್ಚಿ ಓದುವ ಪರೀಕ್ಷೆ ಇಲ್ಲೂ ಮಾಡಿ.

ಇಂಥ ಜೋಡಿ ಪದಗಳು ಇನ್ನೂ ಇವೆ. ನಮ್ಮ ಶೀರ್ಷಿಕೆಗಳಲ್ಲಿ ದಿನಾ ಬರುವ ಮೂರನ್ನು ಮಾತ್ರ ಹೇಳುತ್ತೇನೆ. "ಪರಿಹಾರಕ್ಕೆ ಮೀನುಗಾರರ ಆಗ್ರಹ" ಅಂತ ನಾವು ಬರೆಯುತ್ತೇವೆ, ಅಂದರೆ ಗಟ್ಟಿಯಾಗಿ ಕೇಳಿದರು ಅಂತ. ಮರಾಠಿಯ ಆಗ್ರಹ ಊಟಕ್ಕೆ ಕೂತವರಿಗೆ ಇನ್ನೊಂದು ಬಡಿಸುತ್ತೇನೆ ಅನ್ನುವಂಥ ಒತ್ತಾಯಕ್ಕೂ ಸಲ್ಲುತ್ತದೆ, ಹಿಂದಿಯಲ್ಲಂತೂ ಅದು ವಿನಂತಿಯ ಕಡೆಗೇ ವಾಲುತ್ತದೆ. ಬೇಡಿಕೆಗೆ ಮರಾಠಿಯಲ್ಲಿ ಮಾಗಣಿ ಅಂತ ಬರೆಯಿರಿ. ಎರಡನೆಯದು ಖಂಡನೆ. ನಮ್ಮಲ್ಲಿ "ಹಲ್ಲೆಗೆ ಖಂಡನೆ" ಅಂದರೆ ಅದು ತಪ್ಪು ಅಂತ ಹೇಳಿದ ಹಾಗೆ. ಹಿಂದಿ, ಮರಾಠಿಯ ಖಂಡನ್ ಅಂದರೆ ಅಲ್ಲಗಳೆಯುವುದು. ಹಲ್ಲೆಯನ್ನು ಖಂಡಿಸಿದ ಮುಖಂಡರು ಹಲ್ಲೆ ನಡೆದೇ ಇಲ್ಲ ಅಂದರು ಅಂತ ಆಗಿಬಿಡುತ್ತದೆ. ಇಲ್ಲಿಗೆ ನೋಡಿ, ಮರಾಠಿಯ ನಿಷೇಧವೇ ಸರಿಯಾದ ಪದ. ಮೂರನೆಯದು ಶಿಕ್ಷೆ. ಮರಾಠಿಯ ಶಿಕ್ಷಾ ನಮ್ಮ ಹಾಗೇ ದಂಡನೆ, ಹಿಂದಿಯ ಶಿಕ್ಷಾ ವಿದ್ಯಾಭ್ಯಾಸ. ಒಂದೇ ಲಿಪಿ ಅಂತ ಮರಾಠಿ ಪೋಸ್ಟನ್ನೇ ಹಿಂದಿಯವರಿಗೂ ಕಳಿಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಹೇಗೆ ಪತ್ತೆ ಹಚ್ಚುವುದು? ಸಂಸ್ಕೃತ ಮೂಲದ ಪದ ಬದಲಾಗದೆ ಹಾಗೇ ದಾಟಿದೆ ಅಂತ ಕಂಡ ಕೂಡಲೇ ನಿಲ್ಲಿ. ಆ ಭಾಷೆಯ ಪತ್ರಿಕೆಯೊಂದರಲ್ಲಿ ಇಂಥದೇ ಸುದ್ದಿ ಹುಡುಕಿ, ಅವರು ಯಾವ ಪದ ಹಾಕಿದ್ದಾರೆ ಅಂತ ನೋಡಿ. ನಿಘಂಟಿಗಿಂತ ಇದು ಬೇಗ, ನಂಬಿಕೆಗೂ ಯೋಗ್ಯ.

ಕೊಂಕಣಿ ಮತ್ತು ಉರ್ದು

ಕೊಂಕಣಿಗೆ ನಮ್ಮ ಜಿಲ್ಲೆಯಲ್ಲಿ ಕನ್ನಡ ಲಿಪಿಯ ಬಳಕೆಯೇ ಹೆಚ್ಚು. ಗಡಿ ದಾಟಿ ಗೋವಾಕ್ಕೆ ಹೋದರೆ ದೇವನಾಗರಿ ಅಥವಾ ರೋಮನ್ ಲಿಪಿ. ಕಾರವಾರದವರಿಗಾದರೆ ಹೀಗೆ:

"ನುಸ್ತೆಮಾರಿ ಬಂದ್, 1 ಜೂನ್ ತೆ 31 ಜುಲೈ. ಲ್ಹಾನ್ ಹೊಡ್ಯಾಂಕ್ ಸೂಟ್."

ಕೊಂಕಣಿಯಲ್ಲೂ ಊರಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಮಾತು ಬದಲಾಗುತ್ತದೆ. ಲ್ಹಾನ್ ಅನ್ನುವ ಜಾಗದಲ್ಲಿ ಕುಮಟೆಯ ಕೊಂಕಣಿ ಮನೆಯಲ್ಲಿ ಸಾನ ಅನ್ನುವುದು ಕೇಳುತ್ತದೆ. ಎಲ್ಲರಿಗೂ ಒಪ್ಪುವ ಒಂದು ಕೊಂಕಣಿ ಹುಡುಕುತ್ತಾ ಕೂರಬೇಡಿ. ಈ ಸುದ್ದಿ ಕಡಲಿಗೆ ಹೋಗುವವರಿಗೆ, ಹಾಗಾಗಿ ಬಂದರಿನ ಕೊಂಕಣಿಯಲ್ಲಿ ಬರೆಯಿರಿ. ವಾಕ್ಯ ಚಿಕ್ಕದಿದ್ದಷ್ಟು ಈ ವ್ಯತ್ಯಾಸ ತೊಂದರೆ ಕೊಡುವುದು ಕಡಿಮೆ. ಪೋಸ್ಟ್ ಜೊತೆಗೆ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಹಾಕಿದರೆ ಇನ್ನೂ ಒಳ್ಳೆಯದು, ಕೊಂಕಣಿ ಆಡುವವರೆಲ್ಲ ಅದನ್ನು ಓದುವ ಅಭ್ಯಾಸ ಇಟ್ಟುಕೊಂಡಿರುವುದಿಲ್ಲ.

ಭಟ್ಕಳದ ಕಡೆಗೆ ಉರ್ದುವಿನಲ್ಲಿ ಬರೆಯುವಾಗ ನಿಷೇಧಕ್ಕೆ ಪಾಬಂದಿ ಅನ್ನುವ ಪದ ಎಲ್ಲರಿಗೂ ಗೊತ್ತು. ಅಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಮೊದಲನೆಯದು "ಕಲ್". ಉರ್ದುವಿನಲ್ಲಿ ನಿನ್ನೆಗೂ ಅದೇ, ನಾಳೆಗೂ ಅದೇ. ಮಾತಿನಲ್ಲಿ ಕ್ರಿಯಾಪದ ನೋಡಿ ತಿಳಿಯುತ್ತದೆ. ಶೀರ್ಷಿಕೆಯಲ್ಲಿ ಕ್ರಿಯಾಪದವನ್ನೇ ಬಿಟ್ಟಿರುತ್ತೇವಲ್ಲ, ಆಗ ತಿಳಿಯುವುದಿಲ್ಲ. ಎರಡನೆಯದು ದಿನಾಂಕದ ನಡುವಿನ ಗೆರೆ. ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹ, ಅದರೊಳಗೆ ಎರಡು ಅಂಕಿ ಇಟ್ಟು ನಡುವೆ ಗೆರೆ ಎಳೆದರೆ ತೆರೆಯ ಮೇಲೆ ಅಂಕಿಗಳ ಜಾಗ ಅದಲುಬದಲಾಗಿ ಕಾಣಬಹುದು. ಗೆರೆ ಬಿಟ್ಟು "1 ಜೂನ್ ಸೇ 31 ಜುಲೈ ತಕ್" ಅಂತ ಪದದಲ್ಲೇ ಬರೆದರೆ ಆ ಗೊಂದಲವೇ ಇಲ್ಲ.

ಅಂದ ಹಾಗೆ, ಕನ್ನಡದಲ್ಲೂ "ನಾಳೆಯಿಂದ", "ಇಂದಿನಿಂದ" ಬೇಡ. ಪತ್ರಿಕೆಗೆ ಅದು ಸರಿ, ಮೇಲೆ ತಾರೀಕು ಅಚ್ಚಾಗಿರುತ್ತದೆ. ವಾಟ್ಸಾಪ್‌ನಲ್ಲಿ ನಿಮ್ಮ "ನಾಳೆ" ಮೂರು ದಿನ ಓಡಾಡುತ್ತದೆ.

ಎಷ್ಟು ಉದ್ದ ಬರೆಯಬಹುದು

ಎಕ್ಸ್‌ನಲ್ಲಿ ಉಚಿತ ಖಾತೆಗೆ 280ರ ಮಿತಿ. ಇಲ್ಲಿ ಕನ್ನಡದವರಿಗೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ನಾವು ಅಕ್ಷರ ಅನ್ನುವುದು ಬೇರೆ, ಅದು ಎಣಿಸುವುದು ಬೇರೆ. ಗುಣಿತ, ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿ ಎಣಿಕೆಗೆ ಬರುತ್ತವೆ. "ಅನ್ವಯಿಸುವುದಿಲ್ಲ" ನಮ್ಮ ಕಣ್ಣಿಗೆ 7 ಅಕ್ಷರ, ಅದರ ಲೆಕ್ಕದಲ್ಲಿ 15. "ಇಲ್ಲ" ಅಂದರೆ 4. ಸರಳ ಪದ ಬಳಸಿದರೆ ಓದಲೂ ಸುಲಭ, ಜಾಗವೂ ಉಳಿತಾಯ. ಲಿಂಕ್ ಎಷ್ಟೇ ಉದ್ದವಿರಲಿ, 23 ಅಂತ ಹಿಡಿಯುತ್ತದೆ. ಅಂದಾಜಿಗೆ ಹೇಳುವುದಾದರೆ ಲಿಂಕ್ ಸೇರಿ ಎರಡು ಮೂರು ಚಿಕ್ಕ ವಾಕ್ಯ ಆರಾಮಾಗಿ ಹಿಡಿಸುತ್ತದೆ.

ಎಸ್ಎಂಎಸ್ ಕಳಿಸುವ ಸಂಘಗಳು ಇನ್ನೂ ಇವೆ. ಕನ್ನಡ ಲಿಪಿಯಲ್ಲಿ ಒಂದು ಎಸ್ಎಂಎಸ್‌ಗೆ 70ರ ಮಿತಿ, ಇಂಗ್ಲಿಷ್ ಆದರೆ 160. ಆ 70ರಲ್ಲಿ ದಿನಾಂಕ, ಬೋಟ್ ಬಂದ್, 10 ಎಚ್‌ಪಿ ದೋಣಿಗೆ ವಿನಾಯಿತಿ, ಇಷ್ಟನ್ನು ಮಾತ್ರ ತುಂಬಿ. ಎರಡು ಸಂದೇಶವಾಗಿ ಒಡೆದರೆ ವಿನಾಯಿತಿಯ ಮಾತು ಎರಡನೆಯದಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.

ಅಂಕಿಗಳನ್ನು ಎಲ್ಲ ಪೋಸ್ಟ್‌ನಲ್ಲೂ 1, 31, 61 ಅಂತ ಒಂದೇ ರೂಪದಲ್ಲಿ ಬರೆಯಿರಿ. ಬೇರೆ ಲಿಪಿ ಓದಲು ಬಾರದವರೂ ದಿನಾಂಕ ಹಿಡಿಯುತ್ತಾರೆ. ಪೇಜ್ ಮೇಕಪ್‌ನವರಿಂದ ಹಳೆಯ ಫಾಂಟ್‌ನಲ್ಲಿ ಬಂದ ಬರಹವನ್ನು ಯುನಿಕೋಡ್‌ಗೆ ಬದಲಿಸಿಯೇ ಹಾಕಿ, ಬದಲಿಸಿದ ಮೇಲೆ ಒತ್ತಕ್ಷರ ಒಮ್ಮೆ ಕಣ್ಣಾಡಿಸಿ.

ಹಾಕುವ ಮೊದಲು, ಹಾಕಿದ ಮೇಲೆ

ಆ ಭಾಷೆ ಮನೆಯಲ್ಲಿ ಆಡುವವರೊಬ್ಬರಿಗೆ ಪೋಸ್ಟ್ ಕಳಿಸಿ. "ಸರಿ ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಸರಿ ಅಂದುಬಿಡುತ್ತಾರೆ. "ಇದರಲ್ಲಿ ಏನು ಹೇಳಿದೆ, ಯಾರು ಕಡಲಿಗೆ ಹೋಗಬಹುದು?" ಅಂತ ಕೇಳಿ. ಅವರು ಹೇಳಿದ್ದನ್ನು ಚೀಟಿಯ ಜೊತೆ ಇಟ್ಟು ನೋಡಿ. ಅವತ್ತು ನಾನು ಇದನ್ನು ಮಾಡಿದ್ದರೆ ಮಾಜಾಳಿಯ ಹಿರಿಯರು ಫೋನ್ ಮಾಡಬೇಕಾಗಿರಲಿಲ್ಲ.

ಆದರೂ ತಪ್ಪಾದರೆ ಆ ಪೋಸ್ಟನ್ನು ಸುಮ್ನೆ ಅಳಿಸಿ ಕೈತೊಳೆದುಕೊಳ್ಳಬೇಡಿ, ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಎಲ್ಲೆಲ್ಲೋ ಹೋಗಿರುತ್ತದೆ. ತಪ್ಪು ಯಾವ ಭಾಷೆಯಲ್ಲಿ ಆಯಿತೋ ಅದೇ ಭಾಷೆಯಲ್ಲಿ, ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಿ. ಮೊದಲ ಸಾಲಿನಲ್ಲೇ ಸರಿಯಾದ ಮಾತು ಬರಲಿ. ತಪ್ಪಾದ ವಾಕ್ಯವನ್ನು ಮತ್ತೆ ಪೂರ್ತಿ ಬರೆಯಬೇಡಿ, ಬರೆದರೆ ಅದೇ ಇನ್ನೊಮ್ಮೆ ಹಬ್ಬುತ್ತದೆ.

ಮತ್ತೆ, ಈ ನಿಷೇಧ ಪ್ರತಿ ವರ್ಷ ಇದೇ ಹೊತ್ತಿಗೆ ಬರುವುದರಿಂದ ಹಳೆಯ ಪೋಸ್ಟ್‌ಗಳು ಮೇ ತಿಂಗಳಲ್ಲಿ ತಾವಾಗಿಯೇ ಎದ್ದು ಬರುತ್ತವೆ. ಎಲ್ಲದರಲ್ಲೂ ವರ್ಷ ಬರೆದಿರಬೇಕು ಅಂದದ್ದು ಅದಕ್ಕೇ. ಗುಂಪಿನ ಮೇಲ್ಗಡೆ ಪಿನ್ ಮಾಡಿದ ಪೋಸ್ಟ್ ಇದ್ದರೆ ಜುಲೈ 31ರ ರಾತ್ರಿ ಅದನ್ನು ತೆಗೆಯಿರಿ, ಆಗಸ್ಟ್ 1ರ ಬೆಳಿಗ್ಗೆ ಬೋಟ್ ಬಿಡುವವರು ಫೋನ್ ತೆರೆದಾಗ "ಬಂದ್" ಅನ್ನುವ ಪದ ಅವರ ಕಣ್ಣಿಗೆ ಬೀಳಬಾರದು.